ಹಾರ ಹಾಕಿದ ಲೈಸೆನ್ಸು

ಗಾವಡಗೆರೆಯ ಬಸ್ ನಿಲ್ದಾಣದ ಎದುರು ಚಿಕ್ಕಸಿದ್ದಮ್ಮನ ಮುದ್ದೆ ಹೋಟೆಲು. ಅದರ ಬಾಗಿಲು ತೆರೆಸಲು ಚಪ್ಪಲಿ ಸವೆಸಿದವನು ಮಾತ್ರ ಗಂಡ ಮಂಟಯ್ಯ. "ಅಡುಗೆ ನಿಂದು, ಕಾಗ್ದ ನಂದು" ಎಂದಿದ್ದ, ಹಾಗೆಯೇ ನಡೆದುಕೊಂಡ. ಪಂಚಾಯಿತಿಯಿಂದ ವ್ಯಾಪಾರದ ಪರವಾನಗಿ ತಂದ, ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದ. ಅಡುಗೆಗೆ ಕೈ ಹಾಕುವವರಿಗೆ ವೈದ್ಯರ ಸರ್ಟಿಫಿಕೇಟು ಬೇಕೆಂದು ಹೆಂಡತಿಯನ್ನು ಆಸ್ಪತ್ರೆಗೂ ಎಳೆದುಕೊಂಡು ಹೋದ. ಕೊನೆಗೆ ಹುಣಸೂರಿನ ಸೇವಾ ಕೇಂದ್ರದಲ್ಲಿ ಆಹಾರ ಸುರಕ್ಷತೆಯ ನೋಂದಣಿಗೆ ಅರ್ಜಿ ಹಾಕಿಸಿದ. ಊರವರ ಬಾಯಲ್ಲಿ ಅದು ಫುಡ್ ಲೈಸೆನ್ಸು. ವರ್ಷ ವರ್ಷ ಯಾರು ಅಲೆಯುತ್ತಾರೆಂದು ಐದು ವರ್ಷದ ಶುಲ್ಕವನ್ನು ಒಟ್ಟಿಗೇ ಕಟ್ಟಿದ.

ತನ್ನ ಹೆಸರು, ಫೋಟೊ ಇರುವ ಆ ಪತ್ರ ಕೈಗೆ ಬಂದಾಗ ಮಗುವಿನಂತೆ ನಕ್ಕಿದ್ದ. ಅದಾದ ವಾರದೊಳಗೆ ಹೊಗೆಸೊಪ್ಪಿನ ಹೊಲದಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಒಲೆ ಇನ್ನೂ ಹಚ್ಚಿರಲಿಲ್ಲ.

ಚಿಕ್ಕಸಿದ್ದಮ್ಮ ಅಳಲಿಲ್ಲ. ಊರಿನ ಹೆಂಗಸರಿಗೆ ಅದು ಸರಿಕಾಣಲಿಲ್ಲ. ಪರರ ಕಣ್ಣೀರನ್ನೂ ಅಳೆದು ನೋಡುವವರು ಎಲ್ಲ ಊರಲ್ಲೂ ಇರುತ್ತಾರೆ. ತಿಥಿ ಮುಗಿದ ಮೇಲೆ ಅವಳು ಹೋಟೆಲು ತೆರೆದಳು. ಲೈಸೆನ್ಸಿಗೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ನೇತುಹಾಕಿದಳು. ಎದ್ದು ಕಾಣುವಂತೆ ಹಾಕಬೇಕೆಂದು ಅವನೇ ಹೇಳಿದ್ದ. ಮನೆಯಲ್ಲಿ ಅವನದು ಬೇರೆ ಒಳ್ಳೆಯ ಫೋಟೊ ಇರಲಿಲ್ಲ. ಹಾಗಾಗಿ ಅದಕ್ಕೇ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿ, ದಿನಾ ಊದುಬತ್ತಿ ಬೆಳಗಿದ ಮೇಲೆಯೇ ಮುದ್ದೆಗೆ ಎಸರಿಡುತ್ತಿದ್ದಳು.

ಎರಡು ತಿಂಗಳು ದಾಟಿರಬೇಕು, ಆಹಾರ ಸುರಕ್ಷತಾ ಅಧಿಕಾರಿ ರಮ್ಯಶ್ರೀ ತಪಾಸಣೆಗೆ ಬಂದರು. ಪಾತ್ರೆ ತೊಳೆಯುವ ಜಾಗ ನೋಡಿದರು, ನೀರಿನ ವರದಿ ನೋಡಿದರು, ತಲೆಯಾಡಿಸಿದರು. ಆಮೇಲೆ ಗೋಡೆ ನೋಡಿ ನಿಂತುಬಿಟ್ಟರು. ತಾರೀಕು ಸರಿಯಿತ್ತು, ವಿಳಾಸ ಸರಿಯಿತ್ತು. ಹೆಸರಿನ ಮೇಲೆ ಹಾರವಿತ್ತು.

"ಇವರು ನಿಮ್ಮ ಯಜಮಾನ್ರಾ? ಯಾವಾಗ ಹೋದ್ರಮ್ಮ?"

ಹೇಳಿದಳು.

"ಅಮ್ಮ, ಲೈಸೆನ್ಸಿನವರು ತೀರಿಕೊಂಡ್ರೆ ಮನೆಯವರು ಅದರ ಮೇಲೆ ತೊಂಬತ್ತು ದಿನ ಮಾತ್ರ ನಡೆಸಬಹುದು. ಅಷ್ಟರೊಳಗೆ ನಿಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕ್ಬೇಕು."

"ಅದ್ರಲ್ಲಿ ಇನ್ನೂ ಐದೊರ್ಸ ಐತಲ್ಲ ಮೇಡಮ್ಮೋರೇ?"

"ವರ್ಷ ಇದೆ. ಅವರಿಲ್ಲವಲ್ಲಮ್ಮ." ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಯಿತು. "ಅವಧಿ ಮುಗಿಯೋ ಮುಂಚೆ ನವೀಕರಣ ಮಾಡಿಸೋದು ಬೇರೆ, ಇದು ಬೇರೆ. ಗಡುವು ದಾಟಿದ್ರೆ ಲೈಸೆನ್ಸಿಲ್ಲದೆ ವ್ಯಾಪಾರ ಮಾಡಿದ ಹಾಗಾಗುತ್ತೆ. ಮುಚ್ಚಿ ಅನ್ನಬೇಕಾಗುತ್ತೆ ನಾನು. ಪಂಚಾಯಿತಿ ಪರವಾನಗಿಯಲ್ಲೂ ಹೆಸರು ಬದಲಾಯಿಸಿ. ಅದು ಹೇಗೂ ವರ್ಷ ವರ್ಷ ನವೀಕರಣ ಆಗ್ಬೇಕು."

ಅವರು ಹೋದ ಮೇಲೆ ಮೈದುನ ಶಿವಣ್ಣ ಸುಮ್ಮನಿರಲಿಲ್ಲ. "ಬುಡು ಅತ್ಗೆ, ಯಾರ್ ಬಂದು ನೋಡ್ತಾರೆ? ಹಾರ ತೆಗ್ದುಬುಟ್ರೆ ಆಯ್ತು. ಅಣ್ಣ ಬದುಕವ್ನೆ ಅಂದ್ಕತಾರೆ."

ಬೇರೆ ಹೊತ್ತಿನಲ್ಲಾಗಿದ್ದರೆ ಬೈಯುತ್ತಿದ್ದಳೇನೋ. ಆದರೆ ಆ ಮಾತು ಅವಳ ಎದೆಗೇ ನಾಟಿತು. ಇಷ್ಟು ದಿನ ತಾನು ಮಾಡಿದ್ದೂ ಅದನ್ನೇ ಅಲ್ಲವೇ! ಗೋಡೆಯ ಮೇಲೆ ಅವನು ಮಾಲೀಕ, ಒಲೆಯ ಮುಂದೆ ಇವಳು. ಅವನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿರುವವರೆಗೆ ಅವನು ಪೂರ್ತಿ ಹೋಗಿರಲಿಲ್ಲ. ಹೆಸರು ತೆಗೆಸುವುದೆಂದರೆ ಅವನನ್ನು ತಾನೇ ಕೈಯಾರೆ ಕಳಿಸಿಕೊಟ್ಟಂತೆ. ತೆಗೆಸದಿದ್ದರೆ ಅವನು ಓಡಾಡಿ ಮಾಡಿಸಿದ್ದೆಲ್ಲ ಮಣ್ಣುಪಾಲು.

ಹಲವು ದಿನ ಅವಳು ಆ ಗೋಡೆಯ ಕಡೆ ನೋಡಲಿಲ್ಲ. ಒಂದು ಬೆಳಿಗ್ಗೆ ಎಸರಿಗೆ ಇಟ್ಟ ನೀರು ಕುದ್ದು ಬತ್ತಿದರೂ ಹಿಟ್ಟು ಹಾಕದೆ ನಿಂತಿದ್ದಳು. ಮಗಳು ರಾಧಾ ಓಡಿಬಂದು ಒಲೆ ಆರಿಸಿದಳು.

"ಅವ್ವಾ, ಇಂಗಾದ್ರೆ ಎಂಗೆ?"

"ನಡಿ, ಉಣ್ಸೂರಿಗೆ ಓಗುವ" ಎಂದಳು ಚಿಕ್ಕಸಿದ್ದಮ್ಮ.

ಹುಣಸೂರಿನ ಸ್ಟುಡಿಯೋದಲ್ಲಿ ಫೋಟೊ ತೆಗೆಸಿದರು. ಮರಣ ಪ್ರಮಾಣ ಪತ್ರವನ್ನು ಅವಳು ಅಲ್ಲಿಯವರೆಗೆ ಮುಟ್ಟಿರಲಿಲ್ಲ, ರಾಧಾಳೇ ಹಿಡಿದುಕೊಂಡಿದ್ದಳು. ವಂಶವೃಕ್ಷವೂ ಇತ್ತು, ಲೈಸೆನ್ಸು ಅವ್ವನ ಹೆಸರಿಗಾಗಲು ತನ್ನ ಆಕ್ಷೇಪಣೆ ಇಲ್ಲವೆಂದು ಮಗಳು ಬರೆದುಕೊಟ್ಟ ಕಾಗದವೂ ಇತ್ತು. ಗಡುವಿಗೆ ಇನ್ನೂ ಒಂದಿಷ್ಟು ದಿನ ಉಳಿದಿತ್ತು.

ಸೇವಾ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಯತೀಶನಿಗೆ ಇವರ ಕಥೆಯೇನೂ ಗೊತ್ತಿರಲಿಲ್ಲ. ದಿನಕ್ಕೆ ನೂರು ಜನರನ್ನು ಕೇಳುವ ದನಿಯಲ್ಲೇ ಕೇಳಿದ:

"ಹೋಟ್ಲು ಮಾಲೀಕರು ಯಾರ್ ಕಣವ್ವ?"

ರಾಧಾ ಬಾಯಿ ತೆರೆದಳು. ಚಿಕ್ಕಸಿದ್ದಮ್ಮ ಅವಳ ಕೈ ಹಿಡಿದು ತಡೆದಳು.

"ಅವ್ರಿಲ್ಲ ಕಣಪ್ಪ. ನಾನೇಯ."

ಅಷ್ಟು ಹೇಳಿ, ಸಾಲಿನಲ್ಲಿ ನಿಂತ ಅಷ್ಟೂ ಜನರ ಮುಂದೆ, ಗಂಡ ಸತ್ತ ದಿನ ಅಳಬೇಕಿದ್ದುದನ್ನೆಲ್ಲ ಅತ್ತಳು.