ಉಮಾಬಾಯಿಯ ಪಾಂಪ್ಲೆಟ್‌ನಲ್ಲಿ ಅಂಬಣ್ಣನ ಅಂಗಡಿ

ಹುಮನಾಬಾದ್ ಕಡೆಯ ಉಮಾಬಾಯಿ ಮದುವೆಯಾಗಿ ಹೈದರಾಬಾದಿನ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ಆಕೆಗೆ ಸೂಜಿ ಹಿಡಿಯುವುದಷ್ಟೇ ಗೊತ್ತಿತ್ತು. ತನ್ನ ಅಂಗಡಿಯಲ್ಲಿ ಕೆಲಸ ಕೊಟ್ಟು ಕತ್ತರಿ ಹಿಡಿಯಲು ಕಲಿಸಿದವನು ಸ್ಟೇಷನ್ ರಸ್ತೆಯ ಟೈಲರ್ ಅಂಬಣ್ಣ. ಅವನು ಪ್ಯಾಂಟು-ಶರ್ಟಿನವನು. ಹೆಂಗಸರ ಬಟ್ಟೆ ಬಂದರೆ ಉಮಾಬಾಯಿಯ ಮಷಿನ್ ಕಡೆ ಸರಿಸುತ್ತಿದ್ದ. ಹಾಗೆ ಸರಿಸುತ್ತ ಸರಿಸುತ್ತ ಆಕೆಯ ಕೈಗೆ ಒಂದು ಹೆಸರು ಬಂತು.

ಸಾಫ್ಟ್‌ವೇರ್ ಕೆಲಸಕ್ಕೆಂದು ಊರೂರಿನ ಹುಡುಗಿಯರು ಹೈದರಾಬಾದಿಗೆ ಬರತೊಡಗಿದ ಕಾಲವದು. ಹಬ್ಬ, ಮದುವೆ ಬಂತೆಂದರೆ ಬ್ಲೌಸಿಗೆ, ಚೂಡಿದಾರಿಗೆ ಸಾಲು ನಿಲ್ಲುತ್ತಿದ್ದರು. ಅಂಬಣ್ಣನ ಅಂಗಡಿಯಲ್ಲಿ ಅವರು ನಿಂತು ಅಳತೆ ಕೊಡಲೂ ಜಾಗವಿರಲಿಲ್ಲ. ಅದೇ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ಒಂದು ಮಳಿಗೆ ಖಾಲಿಯಾದಾಗ ಉಮಾಬಾಯಿ ಅಲ್ಲಿ ತನ್ನದೇ ಅಂಗಡಿ ತೆರೆಯುವ ಧೈರ್ಯ ಮಾಡಿದಳು. ವಿಷಯ ಹೇಳಿದ ದಿನ ಅಂಬಣ್ಣ ತಲೆಯೆತ್ತಲಿಲ್ಲ. "ಆತು" ಎಂದವನೇ ಬಟ್ಟೆ ಕತ್ತರಿಸುವುದನ್ನು ಮುಂದುವರಿಸಿದ. ಆ ಒಂದು ಮಾತು ಆಕೆಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಓಣಿಯೊಳಗಿನ ಅಂಗಡಿ, ದಾರಿಯಲ್ಲಿ ಹೋಗುವವರಿಗೆ ಕಾಣುವಂಥದ್ದಲ್ಲ. ಹಾಗಾಗಿ ಆರಂಭದ ದಿನಕ್ಕೆ ಪಾಂಪ್ಲೆಟ್ ಹಂಚಲೇಬೇಕು. ಉಮಾಬಾಯಿ ಸಿಕಂದರಾಬಾದಿನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ರಾಯಚೂರಿನ ಜನಾರ್ದನನ ಬಳಿ ಹೋದಳು. ಬ್ಲೌಸು, ಚೂಡಿದಾರು, ಸೀರೆಯ ಅಂಚಿಗೆ ಫಾಲು, ಪಿಕೊ, ಮಕ್ಕಳ ಫ್ರಾಕು, ಪರದೆ, ದಿಂಬಿನ ಗವಸು, ಎಲ್ಲ ಹಾಕಬೇಕೆಂದಳು. ಜನಾರ್ದನ ತಾಳ್ಮೆಯಿಂದ ಕೇಳಿಸಿಕೊಂಡ. ಪೇಪರಿನೊಳಗಿಂದ ಬಿದ್ದ ಚೀಟಿಯನ್ನು ಜನ ಒಂದು ಕ್ಷಣ ನೋಡಿ ಎಸೆಯುತ್ತಾರೆ, ಆ ಕ್ಷಣದಲ್ಲಿ ಕಣ್ಣಿಗೆ ಬೀಳುವುದು ಒಂದೇ ಮಾತಾಗಿರಬೇಕು ಎಂದು ತಿಳಿಹೇಳಿದ. ಆ ಒಂದು ಮಾತು ಯಾವುದೆಂದು ಕೇಳಿದ. ಒಂದು ಬ್ಲೌಸ್ ಹೊಲಿಸಿದರೆ ಇನ್ನೊಂದು ಉಚಿತ ಎಂದು ಹಾಕಲೇ?

ಉಮಾಬಾಯಿ ಯೋಚಿಸಿದಳು. ಅಷ್ಟು ಬಟ್ಟೆ ಬಂದು ಬಿದ್ದರೆ ಹೇಳಿದ ದಿನಕ್ಕೆ ಕೊಡಲಾಗದು, ಮೊದಲ ಸಲವೇ ಮಾತು ತಪ್ಪಿದಂತಾಗುತ್ತದೆ. "ಹಳೇ ಬ್ಲೌಸ್ ಒಂದು ತರ್ರಿ, ಮೈಗೆ ಸರಿ ಮಾಡಿ ಕೊಡ್ತೀವಿ, ರೊಕ್ಕ ಬ್ಯಾಡ ಅಂತ ಹಾಕ್ರಿ," ಎಂದಳು. "ಆದರ ಸಡಿಲ ಮಾಡಬೇಕಂದ್ರ ಹೊಲಿಗಿ ಒಳಗ ಬಟ್ಟಿ ಉಳದಿರಬೇಕು. ಅದನ್ನೂ ಬರೀರಿ."

ಜನಾರ್ದನ ಮೆಚ್ಚಿ ನಕ್ಕ. ಒಮ್ಮೆ ಮೈಗೆ ಸರಿಯಾಗಿ ಕೂತ ಬ್ಲೌಸ್, ಮುಂದೆ ಹೊಸದನ್ನು ಹೊಲಿಯಲು ಅಳತೆಯೂ ಆಗುತ್ತದೆ ಎಂಬುದು ಅವನಿಗೂ ಹೊಳೆದಿತ್ತು. ಆ ಮಾತನ್ನು ಕಾಗದದ ನಡುವೆ ದಪ್ಪ ಅಕ್ಷರದಲ್ಲಿಟ್ಟ. ಷರತ್ತನ್ನು ಅದರ ಕೆಳಗೇ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿಯೇ ಬರೆದ. ಚೀಟಿ ತಂದವರಿಗೆ ಮಾತ್ರ, ಒಬ್ಬರಿಗೆ ಒಂದು, ಆರಂಭದ ವಾರದ ಭಾನುವಾರದವರೆಗೆ ಎಂದು ಸೇರಿಸಿದ. ಮೇಲೆ ಅಂಗಡಿಯ ಹೆಸರು, ಕೆಳಗೆ ತಾರೀಕು, ವೇಳೆ, ಫೋನ್ ನಂಬರು. ಎಲ್ಲ ತೆಲುಗಿನಲ್ಲಿ, ಪಕ್ಕದಲ್ಲಿ ಇಂಗ್ಲಿಷು. ಕನ್ನಡ ಬಲ್ಲ ಉಮಾಬಾಯಿ ತೆಲುಗು ಅಕ್ಷರಗಳನ್ನು ಕೂಡಿಸಿಕೊಂಡು ಓದಿ, ಫೋನ್ ನಂಬರನ್ನು ಬೆರಳಿಟ್ಟು ನೋಡಿದಳು.

ಉಳಿದದ್ದು ನಕ್ಷೆ. ಸ್ಟೇಷನ್ನಿನಿಂದ ಬರುವವರು ಚೀಟಿಯನ್ನು ತಿರುಗಿಸದೆ ನಡೆಯಲೆಂದು ಜನಾರ್ದನ ಸ್ಟೇಷನ್ನನ್ನು ಕೆಳಗಿಟ್ಟು, ಅಲ್ಲಿಂದ ಮೇಲಕ್ಕೆ ಒಂದೇ ಗೆರೆಯ ರಸ್ತೆ ಎಳೆದ. ಓಣಿ ತಿರುಗುವ ಕಡೆ ಏನಿದೆ ಎಂದು ಕೇಳಿದ.

ಉಮಾಬಾಯಿ ತಡವರಿಸಿದಳು. ಆ ಮೂಲೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಅಂಬಣ್ಣನ ಅಂಗಡಿಯೊಂದೇ. ಅದನ್ನು ಬಿಟ್ಟರೆ ಜನ ಓಣಿ ದಾಟಿ ಮುಂದೆ ಹೋಗಿಬಿಡುತ್ತಾರೆ ಎಂದಳು. ಜನಾರ್ದನ ಬೇಡವೆಂದ, ತಮ್ಮ ಪಾಂಪ್ಲೆಟ್‌ನಲ್ಲಿ ಇನ್ನೊಬ್ಬ ಟೈಲರನ ಹೆಸರು ಹಾಕಿದವರನ್ನು ತಾನು ಕಂಡಿಲ್ಲ ಎಂದ. ಉಮಾಬಾಯಿಯ ಚಿಂತೆಯೇ ಬೇರೆ. ಅವನ ಹೆಸರನ್ನು ಅವನನ್ನು ಕೇಳದೆ ಬಳಸುವುದು ಹೇಗೆ? ಆಕೆ ಕರಡು ಪ್ರತಿಯನ್ನು ಮಡಚಿಕೊಂಡು ನೇರವಾಗಿ ಅಂಬಣ್ಣನ ಬಳಿಗೇ ಹೋದಳು.

ಅಂಬಣ್ಣ ಕನ್ನಡಕ ಹಾಕಿಕೊಂಡು ಕಾಗದ ನೋಡಿದ. ನಕ್ಷೆಯ ಮೂಲೆಯಲ್ಲಿ ಅವನ ಅಂಗಡಿಯ ಹೆಸರು ಬರಬೇಕಾದ ಜಾಗವನ್ನು ಆಕೆ ತೋರಿಸಿದಳು.

"ಕಾಕಾ, ನೀವು ಬ್ಯಾಡ ಅಂದ್ರ ಹಾಕಂಗಿಲ್ರಿ," ಎಂದಳು ಉಮಾಬಾಯಿ. "ಹಾಕು ಅಂದ್ರ ನಿಮ್ಮ ಹೆಸರಿನ ಕೆಳಗ ಪ್ಯಾಂಟು-ಶರ್ಟಿಗೆ ಇಲ್ಲಿ ಬರ್ರಿ ಅಂತನೂ ಬರಸ್ತೀನಿ. ಗಂಡಸರ ಬಟ್ಟಿ ನಾ ಮುಟ್ಟಂಗಿಲ್ಲ."

"ನನ್ನ ಕೇಳಾಕ ಬಂದೀಯಲ್ಲ," ಎಂದ ಅಂಬಣ್ಣ. ಕಾಗದವನ್ನು ಆಕೆಗೆ ಹಿಂತಿರುಗಿಸುತ್ತ, "ನೀ ಅಂಗಡಿ ಬಿಡ್ತೀನಿ ಅಂದಾಗ ಗಿರಾಕಿನೂ ಒಯ್ತಿ ಅಂತ ಸಿಟ್ಟು ಬಂದಿತ್ತವ್ವ. ಹಾಕಸು. ಅಕ್ಷರ ಸಣ್ಣದಿರಲಿ, ಅಂಗಡಿ ನಿಂದು," ಎಂದ.

ಆಕೆ ಕಣ್ಣೊರೆಸಿಕೊಂಡು ಹೊರಟಳು. ಜನಾರ್ದನ ಓಣಿಯ ಮೂಲೆಗೆ ಸಣ್ಣ ಚೌಕವಿಟ್ಟು ಅಂಬಣ್ಣನ ಹೆಸರು, ಅದರ ಕೆಳಗೆ ಪ್ಯಾಂಟು-ಶರ್ಟಿಗೆ ಇಲ್ಲಿ ಬನ್ನಿ ಎಂದು ಸಣ್ಣ ಅಕ್ಷರದಲ್ಲಿ ಬರೆದ. ಓಣಿಯೊಳಗೆ ಉಮಾಬಾಯಿಯ ಅಂಗಡಿಗೆ ಕಪ್ಪು ತುಂಬಿದ ದೊಡ್ಡ ಚೌಕ, ಅದಕ್ಕೊಂದು ಬಾಣ. ಹಳದಿ ಕಾಗದದ ಮೇಲೆ ಒಂದೇ ಬಣ್ಣದಲ್ಲಿ ಅಚ್ಚಾದ ಚೀಟಿಗಳನ್ನು ಪೇಪರ್ ಹಂಚುವವನು ಆರಂಭದ ದಿನ ಬೆಳಗಿನ ಪತ್ರಿಕೆಯೊಳಗಿಟ್ಟು ಹಂಚಿದ.

ಆ ದಿನ ಪೂಜೆ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಹೆಂಗಸರು ನಿಂತಿದ್ದರು, ಕೈಯಲ್ಲಿ ಹಳದಿ ಚೀಟಿ, ಕಂಕುಳಲ್ಲಿ ಹಳೆಯ ಬ್ಲೌಸು. ದಾರಿ ಕೇಳಬೇಕಾಗಿ ಬಂತೆಂದು ಯಾರೂ ಹೇಳಲಿಲ್ಲ. ಒಳಗೆ ಬಟ್ಟೆ ಉಳಿಯದ ಬ್ಲೌಸನ್ನು ಉಮಾಬಾಯಿ ಮಗುಚಿ ತೋರಿಸಿ, ಆಗದು ಎಂದು ನಯವಾಗಿ ಹೇಳಿದಳು. ಹಾಗೆ ಕೇಳಿಸಿಕೊಂಡವರಲ್ಲಿ ಒಬ್ಬಾಕೆ ಸಿಟ್ಟಾಗಲಿಲ್ಲ, ಚೀಲದಿಂದ ಹೊಸ ಬಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಉಮಾಬಾಯಿ ಟೇಪನ್ನು ಕೊರಳಿಂದ ತೆಗೆದು, "ಕೈ ಎತ್ರಿ ಅಕ್ಕಾರ," ಎಂದಳು.