ಹದಿಮೂರನೆಯ ತಿಂಗಳು

ಕೊಪ್ಪದ ನಮ್ಮ ಕಚೇರಿಯಲ್ಲಿ ಸುತ್ತಲಿನ ಊರುಗಳ ಗ್ರಂಥಾಲಯದ ಲೆಕ್ಕ ನೋಡುವವಳು ನಾನು. ಊರಿಗೊಂದು ಸಾಲು, ತಿಂಗಳಿಗೊಂದು ಕಾಲಂ. ಜನ ಓದಲು ಒಯ್ದ ಪುಸ್ತಕಗಳ ಸಂಖ್ಯೆಯನ್ನು ವರ್ಷವಿಡೀ ಹಾಗೇ ತುಂಬಿದ್ದೆ. ಬೇಕಾದಂತೆ ಮೊತ್ತ ಕೂಡಿ ತೋರಿಸುವ ಪಿವೋಟ್ ಕೋಷ್ಟಕಕ್ಕೆ ಅದು ಒಗ್ಗುವುದಿಲ್ಲವೆಂದು ಎಕ್ಸೆಲ್‌ನಲ್ಲಿ ಊರಿನ ಕಾಲಂ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಅನ್‌ಪಿವೋಟ್ ಮಾಡಿದೆ, ಅಂದರೆ ಅಡ್ಡ ಕಾಲಂಗಳನ್ನು ಸಾಲುಗಳಾಗಿ ಕೆಳಗಿಳಿಸಿದೆ. ಊರು, ತಿಂಗಳು, ಸಂಖ್ಯೆ ಎಂದು ಉದ್ದನೆಯ ಪಟ್ಟಿ ಬಂತು. ಊರುವಾರು ಪಿವೋಟ್ ಮಾಡಿದರೆ ಎಲ್ಲೆಡೆ ಹೋದ ವರ್ಷದ ಹೆಚ್ಚುಕಡಿಮೆ ಎರಡರಷ್ಟು ಓದು!

ಸಭೆಯಲ್ಲಿ ಅದನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ಹೊಡೆಸಿದೆ. ಪಕ್ಕದ ಹಳ್ಳಿ ನಾರ್ವೆಯ ಗ್ರಂಥಪಾಲಕಿ ಎದ್ದು, "ಮೇಡಂ, ನಮ್ಮಲ್ಲಿ ಅಷ್ಟೆಲ್ಲ ಪುಸ್ತಕ ಹೋಗ್ಲಿಲ್ಲ" ಎಂದರು.

"ನಿಮ್ಮ ಕೆಲ್ಸದ ಬೆಲೆ ನಿಮ್ಗೇ ಗೊತ್ತಿಲ್ಲ ಮಾರಾಯ್ರೆ, ಕೂತ್ಕೊಳಿ" ಎಂದೆ. ಎಲ್ಲರೂ ನಕ್ಕರು. ಅವರೂ ನಗುತ್ತ ಕೂತರು.

ಮರುದಿನ ವರದಿಗೆಂದು ತಿಂಗಳನ್ನು ಪಿವೋಟ್‌ನ ಕಾಲಂಗಳಿಗೆ ಎಳೆದಾಗ ತಪ್ಪು ಕಣ್ಣಿಗೆ ಬಿತ್ತು. ತಿಂಗಳುಗಳ ನಡುವೆ "ಒಟ್ಟು" ಎಂಬ ಇನ್ನೊಂದು ತಿಂಗಳು ಕುಳಿತಿತ್ತು. ಹಳೆಯ ಹಾಳೆಯ ಕೊನೆಯ ಮೊತ್ತದ ಕಾಲಮ್ಮನ್ನೂ ಅನ್‌ಪಿವೋಟ್ ಮಾಡಿಬಿಟ್ಟಿದ್ದೆ; ಪ್ರತಿ ಪುಸ್ತಕವೂ ಎರಡು ಸಲ ಎಣಿಕೆಯಾಗಿತ್ತು. ಅನ್‌ಪಿವೋಟ್‌ಗೆ ಮೊದಲೇ ಆ ಕಾಲಂ ತೆಗೆದು ರಿಫ್ರೆಶ್ ಕೊಟ್ಟೆ. ಸಂಖ್ಯೆಗಳು ಅರ್ಧಕ್ಕಿಳಿದವು. ನಾರ್ವೆಯಲ್ಲಿ ಓದು ಹೋದ ವರ್ಷದಷ್ಟೂ ಇರಲಿಲ್ಲ.

ನಾರ್ವೆಯ ಗ್ರಂಥಪಾಲಕಿಗೆ ಫೋನ್ ಮಾಡಿ ಹೇಳಿದೆ.

"ಇರ್ಲಿ ಬಿಡಿ ಮೇಡಂ" ಎಂದರು ಆಕೆ. "ನಿನ್ನೆ ಸಂಜೇನೇ ಓದೋ ಮಕ್ಕಳಿಗೆಲ್ಲ ಲಾಡು ಹಂಚಿದೆ. ಮೇಡಮ್ಮೇ ಹೇಳಿದ್ಮೇಲೆ ನಿಜ ಇರ್ಬೇಕು ಅಂದ್ಕೊಂಡೆ."