ದೊಡ್ಡಪ್ಪನ ಪಾತ್ರ

ತನುಜಾ ಟೀಚರ್ ತೀರ್ಥಹಳ್ಳಿ ತಾಲ್ಲೂಕಿನ ಶಾಲೆಗಳನ್ನು ಬಸ್ಸಿನಲ್ಲಿ ಸುತ್ತುತ್ತಾ, ಜನರೊಡನೆ ಬೆರೆಯುವುದು ಕಷ್ಟವಾಗುವ ಮಕ್ಕಳಿಗೆ ಕಲಿಸುವವರು. ಸಿಂಬಳ, ವಾಂತಿ, ಮಕ್ಕಳು ಕಚ್ಚಿದ ಗಾಯ ಯಾವುದಕ್ಕೂ ಹೇಸಿದವರಲ್ಲ. ಅವರು ಹೇಸುವುದು ದೊಡ್ಡವರು ಮಕ್ಕಳಿಗೆ ತೋರಿಸುವ ಪ್ರೀತಿಗೆ.

ಅಂಥ ಮಕ್ಕಳಲ್ಲೊಬ್ಬಳು ಅರಳಸುರಳಿಯ ಯಶಸ್ವಿನಿ, ಎಂಟನೇ ಕ್ಲಾಸು. ಚಿಕ್ಕಮ್ಮನ ಮದುವೆಗೆ ಹೋಗಲೇಬೇಕೆಂಬ ಆಸೆ ಅವಳಿಗೆ. ಅಪ್ಪ ಕೃಷ್ಣಕುಮಾರ್ ಷರತ್ತು ಹಾಕಿದ್ದ: "ಬಂದವರನ್ನ ಮಾತಾಡ್ಸಿದ್ರೆ ಸೈ. ಕಂಬದ ಥರ ನಿಲ್ಲೋದಾದ್ರೆ ಅಜ್ಜಿ ಜೊತೆ ಮನೇಲೇ ಇರ್ಲಿ."

ಶಾಲೆಯ ಖಾಲಿ ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ಬಾಗಿಲಿಂದ ಬರುವ ನೆಂಟರು ಟೀಚರ್. ಯಶಸ್ವಿನಿ ಕೈಮುಗಿದು "ನಮಸ್ಕಾರ, ಯಾವಾಗ ಬಂದ್ರಿ?" ಎನ್ನಬೇಕು. ಕಣ್ಣು ನೋಡಲಾಗದಿದ್ದರೆ ಹಣೆ ನೋಡಿದರೂ ಸಾಕು. ಆಮೇಲೆ ಪಾತ್ರ ಅದಲುಬದಲು. ಮನೆಯಲ್ಲಿ ಅಮ್ಮ ಭವ್ಯಾಳೂ ನೆಂಟಳಾದಳು. ಎಲ್ಲ ಸಲೀಸಾಗಿ ನಡೆಯುತ್ತಿದ್ದಾಗ ಹುಡುಗಿ ಹೇಳಿದಳು, "ನೀವು ಸುಳ್ಳು ನೆಂಟ್ರು ಮಿಸ್. ಶ್ರೀನಾಥ್ ದೊಡ್ಡಪ್ಪ ಹೀಗೆ ಬರಲ್ಲ."

"ಮತ್ತೆ ಹ್ಯಾಗೆ ಬರ್ತಾರೆ?"

"ಗಲ್ಲ ಹಿಡ್ಕೊಂಡು 'ನಾನ್ಯಾರು ಹೇಳು' ಅಂತಾರೆ. ಬಾಯಿತುಂಬ ಎಲೆಅಡಿಕೆ. ಮುಖಕ್ಕೆ ಹಾರತ್ತೆ."

ನಮ್ಮ ಕಡೆ ಮಕ್ಕಳಿಗೆ ಯಾರೂ ನಮಸ್ಕಾರ ಹೇಳುವುದಿಲ್ಲ, ಬಾಯಿಪರೀಕ್ಷೆ ಮಾಡುತ್ತಾರೆ. ಅದೂ ಬಾಯಿ ತುಂಬಿಸಿಕೊಂಡು. ಟೀಚರ್ ಇಷ್ಟು ದಿನ ಸಭ್ಯ ನೆಂಟರನ್ನೇ ಆಡಿದ್ದರು. ಅಂಥವರು ತಾಲ್ಲೂಕಿನಲ್ಲಿ ಸಿಗುತ್ತಾರೆಯೇ ಎಂದು ವಿಚಾರಿಸಿರಲಿಲ್ಲ. ಮೈ ಮುದುಡಿದರೂ ದೊಡ್ಡಪ್ಪನಾದರು. ಗಲ್ಲದತ್ತ ಚಾಚಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು, ಮುಟ್ಟಲಿಲ್ಲ. ಹುಡುಗಿ ಹಿಂದೆ ಸರಿದು, ಕೈಮುಗಿದು, "ನಮಸ್ಕಾರ ದೊಡ್ಡಪ್ಪ. ಮುಟ್ಬೇಡಿ" ಎನ್ನುವುದನ್ನು ಕಲಿತಳು. ಅದಕ್ಕೂ ಬಗ್ಗದಿದ್ದರೆ "ಅಮ್ಮನ ಹತ್ರ ಹೋಗ್ತೀನಿ" ಎಂದು ಹೊರಟುಬಿಡುವುದು.

ತೀರ್ಥಹಳ್ಳಿಯ ಛತ್ರದಲ್ಲಿ ಮದುವೆ, ಟೀಚರಿಗೂ ಕರೆಯಿತ್ತು. ಯಶಸ್ವಿನಿ ಬಾಗಿಲಲ್ಲಿ ನಿಂತು ಬಂದವರ ಹಣೆ ನೋಡಿ ಮಾತಾಡಿಸಿದಳು. ಕೃಷ್ಣಕುಮಾರನ ಎದೆ ಉಬ್ಬಿತು. ಅಷ್ಟರಲ್ಲಿ ಕೆಂಪು ಬಾಯಿಯ ಶ್ರೀನಾಥ್ ದೊಡ್ಡಪ್ಪ ಬಂದರು.

"ನಮಸ್ಕಾರ ದೊಡ್ಡಪ್ಪ. ಮುಟ್ಬೇಡಿ."

"ಎಂತ, ಇದಕ್ಕೆ ಮಾತು ಬಂತಾ? ಇನ್ನೊಂದ್ಸಲ ಹೇಳು, ವಿಡಿಯೊ ಮಾಡ್ತೀನಿ." ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವಳ ಗಲ್ಲ. ನಗುವಿನ ಜೊತೆ ಕೆಂಪು ಹನಿ ಹಾರಿ ಅವಳ ಕೆನ್ನೆಗೆ ಅಂಟಿತು.

"ಅಮ್ಮನ ಹತ್ರ ಹೋಗ್ತೀನಿ" ಎಂದು ಹುಡುಗಿ ಕೈ ಬಿಡಿಸಿಕೊಂಡು ಹೊರಟಳು.

ಕೃಷ್ಣಕುಮಾರ್ ಹಿಂದೆಯೇ ಬಂದ. "ದೊಡ್ಡವರ ಎದುರು ಹೀಗಾ ಆಡೋದು? ಇನ್ಮೇಲೆ ಎಲ್ಲಿಗೂ ಬೇಡ ಇವಳು."

"ಮಾತಾಡ್ಸಿದ್ರೆ ಸೈ ಅಂದಿದ್ರಿ. ಮಾತಾಡ್ಸಿದ್ಲಲ್ಲ" ಎಂದು ಭವ್ಯಾ ಮಗಳ ಕೈಗೆ ಕರ್ಚೀಫು ಕೊಟ್ಟಳು. "ಒರೆಸ್ಕೊಂಡು ಅಪ್ಪಂಗೆ ಕೊಡು. ಅವರ ಅಣ್ಣನ ಎಂಜಲೇ ಅಲ್ವಾ."

ಯಶಸ್ವಿನಿ ಕೆನ್ನೆ ಒರೆಸಿಕೊಂಡು, ಹೇಳಿದ ಹಾಗೆಯೇ ಅಪ್ಪನ ಕೈಗಿಟ್ಟು, ಚಿಕ್ಕಮ್ಮನನ್ನು ಹುಡುಕಿಕೊಂಡು ಹೋದಳು. ಕೃಷ್ಣಕುಮಾರ್ ಕೆಂಪು ಕಲೆಯ ಕರ್ಚೀಫನ್ನು ಎರಡು ಬೆರಳಲ್ಲಿ ದೂರ ಹಿಡಿದುಕೊಂಡ. ಮುಖ ಕಿವುಚಿಕೊಂಡ. ಅವಳನ್ನು ವಾಪಸು ಕರೆಯಲಿಲ್ಲ.